ಮಾವನ ಮಗಳ ನಿಶ್ಚಯಕ್ಕೆ ಬರೆಯುವ ನಾಲ್ಕು ಸಾಲು

ಪ್ರಶ್ನೆ: ನಾನು ಸಿಂಧನೂರಿನವನು. ಕಾರಟಗಿಯಲ್ಲಿರುವ ನನ್ನ ಸೋದರಮಾವನ ಮಗಳಿಗೆ ಕಳೆದ ವಾರ ಸಿರುಗುಪ್ಪದ ಹುಡುಗನೊಂದಿಗೆ ನಿಶ್ಚಯವಾಯಿತು. ಆಕೆ ನನಗಿಂತ ಎರಡು ವರ್ಷ ಚಿಕ್ಕವಳು, ಅವರು ನನಗಿಂತ ಮೂರು ವರ್ಷ ದೊಡ್ಡವರು. ಹಿಂದೆ ನಮ್ಮಜ್ಜಿ ಆಕೆಯನ್ನು ನನಗೇ ತಂದುಕೊಳ್ಳಬೇಕೆಂದು ಹೇಳುತ್ತಿದ್ದರು. ನಮ್ಮಿಬ್ಬರಿಗೂ ಆ ಮನಸ್ಸಿರಲಿಲ್ಲ, ಮಾತು ಅಲ್ಲಿಗೇ ನಿಂತಿತು. ಈಗ ಇಬ್ಬರಿಗೂ ಮನಸಾರೆ ಅಭಿನಂದನೆ ಬರೆಯಬೇಕೆಂದಿದ್ದೇನೆ. ‘ಹಾರ್ದಿಕ ಶುಭಾಶಯಗಳು. ನಿಮ್ಮ ದಾಂಪತ್ಯ ಜೀವನ ಸುಖಮಯವಾಗಲಿ. ನಮ್ಮ ಹುಡುಗಿಯನ್ನು ಚೆನ್ನಾಗಿ ನೋಡಿಕೊಳ್ಳಿ’ ಎಂದು ಬರೆದು ಅಳಿಸಿಬಿಟ್ಟೆ. ಅವರನ್ನು ನಾನು ನೋಡಿದ್ದು ಒಂದೇ ಸಲ. ಊಟದ ಪಂಕ್ತಿಯಲ್ಲಿ, ಕಿವಿ ಮಂದವಾಗಿರುವ ನಮ್ಮಜ್ಜಿ ಕೇಳಿದಾಗ, ತಮ್ಮ ಊರಿನ ಹೆಸರನ್ನು ನಗುನಗುತ್ತ ಮೂರು ಸಲ ಹೇಳಿದರು. ಗೊತ್ತಿರುವುದು ಅಷ್ಟೇ. ಏನು ಬರೆಯಲಿ? ಅವರನ್ನು ಏನೆಂದು ಕರೆಯಲಿ?

ಉತ್ತರ: ಕರೆಯುವ ಮಾತನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ, ಏಕೆಂದರೆ ಪತ್ರದ ಮೊದಲ ಸಾಲು ಅದನ್ನೇ ಅವಲಂಬಿಸಿದೆ. ಅನುಕೂಲಕ್ಕಾಗಿ ಅವರಿಬ್ಬರನ್ನು ಇಲ್ಲಿ ಗಿರಿಜಾ ಮತ್ತು ಬಸವರಾಜ ಎಂದು ಕರೆಯುತ್ತೇನೆ. ನಿಜವಾದ ಹೆಸರುಗಳನ್ನು ನೀವು ಹಾಕಿಕೊಳ್ಳಿ.

ನಿಮ್ಮ ಕೈ ತಾನಾಗಿಯೇ ‘ಭಾವ’ ಎಂದು ಬರೆಯಲು ಹೊರಟಿರುತ್ತದೆ. ಮನೆಯ ಹುಡುಗಿಯನ್ನು ಮದುವೆಯಾಗುವವರು ಭಾವ ಎಂಬುದು ನಮಗೆ ರೂಢಿಯಾಗಿರುವ ಲೆಕ್ಕ. ಆದರೆ ಅದು ಅಕ್ಕನ ಗಂಡನಿಗೆ, ಇಲ್ಲವೇ ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡವ್ವ, ಚಿಗವ್ವ ಇವರ ಮಕ್ಕಳಾದ ಅಕ್ಕತಂಗಿಯರ ಗಂಡಂದಿರಿಗೆ ಸಲ್ಲುವ ಮಾತು. ಸೋದರಮಾವನ ಮಗಳು ಮತ್ತು ಸೋದರತ್ತೆಯ ಮಗಳು ನಮ್ಮ ಸಂಬಂಧದ ಲೆಕ್ಕದಲ್ಲಿ ಅಕ್ಕತಂಗಿಯರ ಸಾಲಿನಲ್ಲಿ ಬರುವುದಿಲ್ಲ. ಅವರು ವರಸೆಯವರು, ಅಂದರೆ ಮದುವೆಗೆ ಕೂಡಿಬರುವ ಸಾಲಿನವರು. ನಿಮ್ಮ ಅಜ್ಜಿ ಆ ಮಾತೆತ್ತಿದ್ದರಲ್ಲಿ ವಿಚಿತ್ರವೇನೂ ಇರಲಿಲ್ಲ. ಅವರು ಅದೇ ಲೆಕ್ಕದಿಂದ ಮಾತನಾಡಿದರು. ಈಗ ಅದೇ ಲೆಕ್ಕವನ್ನು ಒಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗಿ. ನಿಮಗೆ ವರಸೆಯಾಗುವ ಹುಡುಗಿಯ ಕೈ ಹಿಡಿಯುವವರು ನಿಮ್ಮದೇ ಸಾಲಿನವರಾಗುತ್ತಾರೆ. ನಿಮ್ಮದೇ ಸಾಲಿನಲ್ಲಿ ನಿಮಗಿಂತ ದೊಡ್ಡವರು ಎಂದರೆ ಅಣ್ಣ. ಹಳೆಯ ಮಂದಿ ನಿಮಗಿಂತ ದೊಡ್ಡವಳಾದ ಮಾವನ ಮಗಳನ್ನು ಅತ್ತಿಗೆ ಎಂದೂ ಆಕೆಯ ಗಂಡನನ್ನು ಅಣ್ಣ ಎಂದೂ ಕರೆಯುವುದು ಇದೇ ಕಾರಣಕ್ಕೆ. ಗಿರಿಜಾ ನಿಮಗಿಂತ ಚಿಕ್ಕವಳಾದ್ದರಿಂದ ಆಕೆಗೆ ಹೆಸರೇ ಸಾಕು; ಬಸವರಾಜರು ನಿಮಗಿಂತ ದೊಡ್ಡವರಾದ್ದರಿಂದ ಅವರು ಅಣ್ಣ.

ಈ ಮಾತಿಗೆ ಇನ್ನೊಂದು ಅನುಕೂಲವಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವ ಪೇಟೆಯಲ್ಲಿ ನಿಂತರೂ ತನಗಿಂತ ನಾಲ್ಕು ವರ್ಷ ದೊಡ್ಡವನಾಗಿ ಕಾಣುವ ಅಪರಿಚಿತನನ್ನು ಜನ ಅಣ್ಣ ಎಂದೇ ಮಾತನಾಡಿಸುತ್ತಾರೆ. ಆದ್ದರಿಂದ ಒಂದೇ ಸಲ ಕಂಡವರನ್ನು ಹಾಗೆ ಕರೆದರೆ ಸಲಿಗೆ ಹೆಚ್ಚಾಯಿತು ಎನಿಸುವುದಿಲ್ಲ, ಸಂಬಂಧದ ಲೆಕ್ಕ ಬಲ್ಲ ಹಿರಿಯರು ಓದಿದರೂ ತಪ್ಪು ಎನಿಸುವುದಿಲ್ಲ. ನಮ್ಮ ಕಾಲುವೆ ಸೀಮೆಯ ಕ್ಯಾಂಪುಗಳಲ್ಲಿ ತೆಲುಗು ಮಾತನಾಡುವ ಮನೆಗಳು ಸಾಕಷ್ಟಿವೆ. ಹುಡುಗನ ಕಡೆಯವರು ಅಂಥವರಾಗಿದ್ದರೂ ಚಿಂತೆಯಿಲ್ಲ, ತೆಲುಗಿನವರ ಸಂಬಂಧದ ಲೆಕ್ಕವೂ ಇದೇ. ಇಷ್ಟಾಗಿಯೂ ಪತ್ರ ಕಳಿಸುವ ಮೊದಲು ನಿಮ್ಮ ತಾಯಿಯವರನ್ನು ಒಂದು ಮಾತು ಕೇಳಿ. ಎರಡೂ ಕಡೆಯಿಂದ ಸಂಬಂಧ ಬೆಳೆದಿರುವ ಮನೆಗಳಲ್ಲಿ ಸಿರುಗುಪ್ಪದವರು ಬೇರೊಂದು ದಾರಿಯಿಂದ ನಿಮಗೆ ಮಾವನೋ ಅಳಿಯನೋ ಆಗಿರಬಹುದು. ಅಂಥ ಎಳೆಗಳು ತಾಯಂದಿರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ಗಿರಿಜಾಳನ್ನು ‘ತಂಗಿ’ ಎಂದು ಕರೆದು ಎಲ್ಲವನ್ನೂ ಒಂದೇ ಏಟಿಗೆ ಸರಿಪಡಿಸಬಹುದಲ್ಲ ಎಂಬ ಯೋಚನೆಯೂ ನಿಮಗೆ ಬಂದಿರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಇಪ್ಪತ್ತು ವರ್ಷಗಳಿಂದ ಹೆಸರು ಹಿಡಿದು ಕರೆದವಳನ್ನು ನಿಶ್ಚಯವಾದ ವಾರವೇ ತಂಗಿ ಎಂದು ಬರೆದರೆ, ಓದಿದವರಿಗೆ ಕಾಣುವುದು ತಂಗಿಯ ಮೇಲಿನ ಪ್ರೀತಿಯಲ್ಲ. ನೀವು ಯಾವುದನ್ನೋ ಅಲ್ಲಗಳೆಯುತ್ತಿದ್ದೀರಿ ಎಂಬುದು. ಯಾರೂ ಆರೋಪ ಹೊರಿಸದೆ ಇರುವಾಗ ಸಾಕ್ಷಿ ನುಡಿದ ಹಾಗಾಗುತ್ತದೆ. ಭಾವ ಎಂಬ ಮಾತು ಬೇಡವೆಂದು ನಾನು ಹೇಳಿದ್ದಕ್ಕೆ ಇದೂ ಒಂದು ಕಾರಣ: ಅವರನ್ನು ಭಾವ ಎಂದರೆ ಆಕೆಯನ್ನು ತಂಗಿ ಎಂದಂತೆಯೇ, ದಾರಿ ಮಾತ್ರ ಸುತ್ತಿನದು.

ಇದಕ್ಕೆ ಎದುರು ತುದಿಯ ತಪ್ಪೂ ಇದೆ, ಅದು ಹೆಚ್ಚು ಅಪಾಯದ್ದು. ‘ನೀನು ಎಲ್ಲಿದ್ದರೂ ಸುಖವಾಗಿರು’ ಎಂಬ ಸಾಲನ್ನು ಹತ್ತರಲ್ಲಿ ಮೂರು ಜನ ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಾರೆ. ವರಸೆಯಾದ ಹುಡುಗಿಗೆ ಹುಡುಗ ಅದನ್ನು ಬರೆದರೆ ಕೈತಪ್ಪಿಹೋದ ಪ್ರೇಮದ ಕಡೆಯ ಮಾತಿನಂತೆ ಕೇಳಿಸುತ್ತದೆ. ‘ನೀನಿಲ್ಲದ ಮನೆ ಬಿಕೋ ಎನ್ನುತ್ತದೆ’, ‘ನಿನ್ನನ್ನು ಮರೆಯಲಾರೆವು’ ಎಂಬವೂ ಇದೇ ಜಾತಿಯವು. ಅಂದು ಉಟ್ಟಿದ್ದ ಸೀರೆ ಒಪ್ಪುತ್ತಿತ್ತು ಎಂಬ ಮಾತು ಸಹ ಈ ಪತ್ರದಲ್ಲಿ ಬೇಡ. ಅದನ್ನು ನಿಮ್ಮ ಅಕ್ಕನೋ ತಂಗಿಯೋ ಹೇಳಲಿ. ಹಳೆಯ ಮದುವೆ ಮಾತನ್ನು ತಮಾಷೆಗೂ ಎತ್ತಬೇಡಿ. ಮುಂದೊಂದು ದಿನ ನಾಲ್ಕು ಜನ ಕೂತು ನಗುವಾಗ ಅಜ್ಜಿಯೇ ಅದನ್ನು ಹೇಳಿದರೆ ಚೆನ್ನಾಗಿರುತ್ತದೆ, ಬರವಣಿಗೆಯಲ್ಲಿ ಇರುವುದು ಚೆನ್ನಲ್ಲ.

ಇನ್ನು ನೀವು ಬರೆದು ಅಳಿಸಿದ ಮೂರು ವಾಕ್ಯಗಳು. ಅಳಿಸಿದ್ದು ಒಳ್ಳೆಯದಾಯಿತು, ಆದರೆ ಏಕೆ ಒಳ್ಳೆಯದಾಯಿತು ಎಂಬುದು ಒಂದೊಂದರಲ್ಲಿ ಒಂದೊಂದು ಬಗೆ.

‘ಹಾರ್ದಿಕ ಶುಭಾಶಯಗಳು’ ಎಂಬುದರಲ್ಲಿ ತಪ್ಪಿಲ್ಲ, ಬಳಸಿ ಬಳಸಿ ಸವೆದಿದೆ ಅಷ್ಟೇ. ಆದರೆ ಶುಭಾಶಯವೂ ಅಭಿನಂದನೆಯೂ ಒಂದೇ ಅಲ್ಲ. ಮುಂದೆ ಒಳ್ಳೆಯದಾಗಲಿ ಎಂಬ ಹಾರೈಕೆ ಶುಭಾಶಯ. ಆದ ಒಳ್ಳೆಯದನ್ನು ಕಂಡು, ಅದನ್ನು ಮಾಡಿಕೊಂಡವರನ್ನು ಮೆಚ್ಚುವುದು ಅಭಿನಂದನೆ. ಹಬ್ಬಕ್ಕೆ ಶುಭಾಶಯ ಹೇಳುತ್ತೇವೆ, ಪರೀಕ್ಷೆ ಪಾಸಾದವರಿಗೆ ಅಭಿನಂದನೆ ಹೇಳುತ್ತೇವೆ. ನಿಶ್ಚಯಕ್ಕೆ ಎರಡೂ ಹೊಂದುತ್ತವೆ, ಆದರೆ ಅಭಿನಂದನೆ ಎಂದಾಗ ಇದು ಅವರಿಬ್ಬರೂ ಯೋಚಿಸಿ ಮಾಡಿದ ನಿರ್ಧಾರ ಎಂಬುದಕ್ಕೆ ಮನ್ನಣೆ ಸಿಗುತ್ತದೆ. ಬರಿಯ ಶುಭಾಶಯದಲ್ಲಿ ಆ ಮನ್ನಣೆ ಇಲ್ಲ. ಆಶೀರ್ವಾದ ಎಂಬ ಮಾತನ್ನಂತೂ ಮುಟ್ಟಬೇಡಿ. ಅದು ಹಿರಿಯರು ಕಿರಿಯರಿಗೆ ಕೊಡುವಂಥದ್ದು, ನೀವು ಬಸವರಾಜರಿಗಿಂತ ಚಿಕ್ಕವರು. ಹೆಸರಿನ ಹಿಂದೆ ಚಿ. ಎಂದು ಬರೆಯುವುದೂ ಹಾಗೆಯೇ. ಲಗ್ನಪತ್ರಿಕೆಯಲ್ಲಿ ಹುಡುಗನಿಗೆ ಚಿ. ರಾ. ಎಂದೂ ಹುಡುಗಿಗೆ ಚಿ. ಕುಂ. ಸೌ. ಎಂದೂ ಅಚ್ಚಾಗುವುದು ಆಹ್ವಾನಿಸುವವರು ಹೆತ್ತವರು ಅಥವಾ ಮನೆಯ ಹಿರಿಯರು ಎಂಬ ಕಾರಣಕ್ಕೆ. ಅದನ್ನು ನೋಡಿ ತಮ್ಮನೊಬ್ಬ ಅಣ್ಣನಿಗೆ ಚಿರಂಜೀವಿ ಎಂದು ಬರೆದ ಪತ್ರಗಳನ್ನು ನಾನು ಕಂಡಿದ್ದೇನೆ.

‘ದಾಂಪತ್ಯ ಜೀವನ ಸುಖಮಯವಾಗಲಿ’ ಎಂಬುದು ಮದುವೆಯ ದಿನದ ಮಾತು. ನಿಶ್ಚಯದಲ್ಲಿ ತಾಂಬೂಲ ಬದಲಾಗಿದೆ, ಹುಡುಗಿಗೆ ಉಡಿ ತುಂಬಿದ್ದಾರೆ, ಉಂಗುರವನ್ನೂ ಹಾಕಿರಬಹುದು. ಅಕ್ಕಿಕಾಳು ಇನ್ನೂ ಬಿದ್ದಿಲ್ಲ. ದಂಪತಿ, ನವದಂಪತಿ, ಪತಿ, ಪತ್ನಿ ಎಂಬ ಯಾವ ಪದವೂ ಈಗ ಅವರಿಗೆ ಸಲ್ಲುವುದಿಲ್ಲ. ಇದು ಪದದ ಗೊಡವೆ ಮಾತ್ರವಲ್ಲ. ನಿಶ್ಚಯಕ್ಕೂ ಮದುವೆಗೂ ನಡುವೆ ಎರಡು ಮನೆಗಳಲ್ಲಿ ಎಷ್ಟೋ ಮಾತುಕತೆ, ಓಡಾಟ, ಕೆಲವೊಮ್ಮೆ ಮುನಿಸು ಇರುತ್ತವೆ. ಆ ಅವಧಿಯಲ್ಲಿ ನೆಂಟರೊಬ್ಬರು ಎಲ್ಲ ಮುಗಿದೇ ಹೋದಂತೆ ಬರೆದರೆ, ಓದುವ ಹುಡುಗಿಗೆ ತನ್ನನ್ನು ಆಗಲೇ ಈ ಮನೆಯಿಂದ ಕಳಿಸಿಬಿಟ್ಟರೇನೋ ಎನಿಸುತ್ತದೆ. ‘ನೀವಿಬ್ಬರೂ ಕೂಡಿ ಕಟ್ಟಿಕೊಳ್ಳಲಿರುವ ಬಾಳು’ ಎಂದರೆ ಅರ್ಥವೂ ಸರಿ, ಕಾಲವೂ ಸರಿ.

ಮೂರನೆಯದು, ‘ನಮ್ಮ ಹುಡುಗಿಯನ್ನು ಚೆನ್ನಾಗಿ ನೋಡಿಕೊಳ್ಳಿ’. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಈ ತಪ್ಪನ್ನು ನಾನೇ ಮಾಡಿದ್ದೇನೆ. ಕಾಲೇಜಿನಲ್ಲಿ ಕನ್ನಡ ಕಲಿಸಲು ಸೇರಿದ ಹೊಸತರಲ್ಲಿ ನನ್ನ ಚಿಕ್ಕಪ್ಪನ ಮಗಳಿಗೆ ನಿಶ್ಚಯವಾಯಿತು. ಭಾಷೆ ಬಲ್ಲವನೆಂಬ ಹಮ್ಮಿನಲ್ಲಿ ಆಕೆಯನ್ನು ಕೈ ಹಿಡಿಯುವವರಿಗೆ ಒಂದೂವರೆ ಪುಟದ ಪತ್ರ ಬರೆದೆ. ನಮ್ಮ ತಂಗಿ ಬಹಳ ಸೂಕ್ಷ್ಮ ಸ್ವಭಾವದವಳು, ಜೋರು ಮಾತು ತಾಳುವುದಿಲ್ಲ, ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲ, ಹೂವಿನಂತೆ ನೋಡಿಕೊಳ್ಳಿ ಎಂದೆಲ್ಲ ಅದರಲ್ಲಿತ್ತು. ಅವರು ಉತ್ತರ ಬರೆಯಲಿಲ್ಲ. ಆರೇಳು ವರ್ಷಗಳ ನಂತರ ಒಂದು ದೀಪಾವಳಿಗೆ ಮನೆಗೆ ಬಂದಾಗ, ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತ, ‘ಅವತ್ತು ನಿಮ್ಮ ಪತ್ರ ಓದಿ, ಡಾಕ್ಟರ ಚೀಟಿ ಓದಿದಂಗಾತು ನೋಡ್ರಿ’ ಎಂದು ನಕ್ಕರು. ತಂಗಿಯೂ ನಕ್ಕಳು, ಆದರೆ ಆಕೆ ಹೇಳಿದ್ದು ಇನ್ನೂ ನಾಟಿತು: ‘ನಾನೇನು ರೋಗಿಯೇನಣ್ಣ?’

ಒಂದೇ ವಾಕ್ಯದಿಂದ ಇಬ್ಬರಿಗೂ ನೋವಾಗಬಹುದು ಎಂಬುದು ನನಗೆ ಆಗ ತಿಳಿಯಿತು. ‘ನೋಡಿಕೊಳ್ಳಿ’ ಎಂದಾಗ ಹುಡುಗಿ ಯಾರೋ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ವಸ್ತುವಾಗುತ್ತಾಳೆ. ಹುಡುಗ ಇನ್ನೂ ಏನನ್ನೂ ಮಾಡದೆಯೇ ಎಚ್ಚರಿಕೆ ಪಡೆದವನಾಗುತ್ತಾನೆ. ‘ನೀನು ಅದೃಷ್ಟವಂತೆ, ಇಂಥ ಹುಡುಗ ಸಿಕ್ಕ’ ಎಂಬುದೂ ಇದರ ಇನ್ನೊಂದು ಮುಖ. ಒಬ್ಬರನ್ನು ಎತ್ತುವ ಭರದಲ್ಲಿ ಮತ್ತೊಬ್ಬರನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುತ್ತದೆ. ಬ್ಯಾಂಕಿನವರು, ಇಂಜಿನಿಯರು, ಇಪ್ಪತ್ತು ಎಕರೆ ನೀರಾವರಿ ಎಂದು ಸಂಬಂಧ ಹುಡುಕುವಾಗ ಹೇಳುವ ವಿವರಗಳನ್ನು ಅಭಿನಂದನೆಯಲ್ಲಿ ಮತ್ತೆ ಹೇಳಿದರೂ ಅಷ್ಟೇ, ಮನುಷ್ಯ ಮರೆಯಾಗಿ ಜಾತಕದ ಹಾಳೆ ಕಾಣಿಸುತ್ತದೆ.

ಇಬ್ಬರ ಮೇಲೂ ಒಂದೇ ತೂಕದ ಅಕ್ಕರೆ ತೋರಿಸಬೇಕಾದರೆ ವ್ಯಾಕರಣದಲ್ಲಿಯೇ ಒಂದು ಸಣ್ಣ ಉಪಾಯವಿದೆ. ನಿವೃತ್ತನಾದ ಮೇಲೆ ಕೊಪ್ಪಳದಲ್ಲಿ ಗೆಳೆಯರೊಬ್ಬರ ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳ ಕರಡು ತಿದ್ದಿಕೊಡುತ್ತೇನೆ. ಅಲ್ಲಿ ದಿನವೂ ಕಾಣುವ ವಾಕ್ಯ, ‘ನಮ್ಮ ಮಗಳಾದ ಇಂಥವಳ ವಿವಾಹವು ಇಂಥವರ ಮಗನಾದ ಇಂಥವನೊಂದಿಗೆ’ ಎಂಬುದು. ಪತ್ರಿಕೆ ಒಂದು ಮನೆಯಿಂದ ಹೊರಡುವುದರಿಂದ ಒಬ್ಬರು ವಾಕ್ಯದ ನಡುವೆ ಇರುತ್ತಾರೆ, ಇನ್ನೊಬ್ಬರು ‘ಒಂದಿಗೆ’, ‘ಸಂಗಡ’, ‘ಜೊತೆ’ ಎಂಬುದರ ಬೆನ್ನು ಹಿಡಿದು ಬರುತ್ತಾರೆ. ಪತ್ರಿಕೆಗೆ ಅದು ಸರಿಯೇ. ಆದರೆ ಅದೇ ರೂಢಿಯಲ್ಲಿ ನಾವು ‘ಬಸವರಾಜ ಅವರ ಜೊತೆ ನಿನ್ನ ನಿಶ್ಚಯವಾಗಿದ್ದು ಸಂತೋಷ’ ಎಂದು ಬರೆದರೆ, ಸಂತೋಷವೆಲ್ಲ ಗಿರಿಜಾಳದು, ಬಸವರಾಜರು ಅದಕ್ಕೆ ನೆಪ. ‘ಜೊತೆ’ಯನ್ನು ತೆಗೆದು ‘ಊ’ ಸೇರಿಸಿ ನೋಡಿ: ‘ಗಿರಿಜಾಳೂ ಬಸವರಾಜ ಅಣ್ಣನವರೂ ಒಬ್ಬರನ್ನೊಬ್ಬರು ಒಪ್ಪಿದ್ದು ಸಂತೋಷ.’ ಈಗ ಒಪ್ಪಿದವರು ಇಬ್ಬರೂ.

ಇಬ್ಬರನ್ನೂ ನೇರವಾಗಿ ಮಾತನಾಡಿಸುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಗಿರಿಜಾಳಿಗೆ ನೀನು, ಬಸವರಾಜರಿಗೆ ನೀವು. ಇವೆರಡನ್ನೂ ಒಂದೇ ಪ್ಯಾರಾದಲ್ಲಿ ಬೆರೆಸಿದರೆ ಯಾವ ‘ನೀವು’ ಇಬ್ಬರಿಗೂ ಸೇರಿದ್ದು, ಯಾವುದು ಅವರೊಬ್ಬರಿಗೆ ಎಂಬುದು ಓದುವವರಿಗೆ ತಿಳಿಯುವುದಿಲ್ಲ. ಸರಿಮಾಡಲು ಹೋಗಿ ಆಕೆಯನ್ನೂ ನೀವು ಎಂದುಬಿಟ್ಟರೆ, ಆಡಿ ಬೆಳೆದವಳನ್ನು ದೂರ ಸರಿಸಿದಂತಾಗುತ್ತದೆ. ಆದ್ದರಿಂದ ಪತ್ರವನ್ನು ಸರದಿಯಲ್ಲಿ ಬರೆಯಿರಿ: ಮೊದಲ ಸಾಲು ಇಬ್ಬರಿಗೆ, ಆಮೇಲೆ ಹೆಸರು ಹಿಡಿದು ಆಕೆಗೆ, ಆಮೇಲೆ ಅಣ್ಣನವರೇ ಎಂದು ಅವರಿಗೆ, ಕೊನೆಯಲ್ಲಿ ಮತ್ತೆ ‘ನೀವಿಬ್ಬರೂ’. ‘ಇಬ್ಬರೂ’ ಎಂಬುದನ್ನು ಬಿಡದೆ ಬರೆದರೆ ಗೊಂದಲಕ್ಕೆ ಎಡೆಯಿಲ್ಲ.

ಈಗ ಪತ್ರದ ಜೀವಾಳಕ್ಕೆ ಬರುತ್ತೇನೆ. ಬಸವರಾಜರ ಬಗ್ಗೆ ಗೊತ್ತಿರುವುದು ಅಷ್ಟೇ ಎಂದು ನೀವು ಸಂಕೋಚಪಟ್ಟಿದ್ದೀರಿ. ಅಷ್ಟು ಗೊತ್ತಿದ್ದು ಬರೆಯುವವರು ತೀರ ಕಡಿಮೆ. ಒಳ್ಳೆಯವರು, ಸಜ್ಜನರು, ಸುಸಂಸ್ಕೃತರು ಎಂಬ ಮಾತುಗಳನ್ನು ಅವರು ಈ ವಾರದಲ್ಲಿ ನೂರು ಸಲ ಕೇಳಿರುತ್ತಾರೆ, ಹೇಳಿದವರಲ್ಲಿ ಹೆಚ್ಚಿನವರಿಗೆ ಅವರು ಯಾರೆಂದೇ ತಿಳಿದಿಲ್ಲ ಎಂಬುದೂ ಅವರಿಗೆ ಗೊತ್ತು. ಪಂಕ್ತಿಯ ಗದ್ದಲದಲ್ಲಿ, ಎದುರಿಗೆ ಎಲೆ ಹಾಕಿಸಿಕೊಂಡು ಕುಳಿತು, ಬೀಗರ ಮನೆಯ ಮುದುಕಿಯೊಬ್ಬರಿಗೆ ಊರಿನ ಹೆಸರನ್ನು ಮೂರು ಸಲ ಹೇಳಿದ್ದನ್ನು ಯಾರಾದರೂ ಗಮನಿಸಿದ್ದಾರೆಂದು ಅವರು ಎಣಿಸಿರಲಾರರು. ಅದನ್ನು ಇದ್ದ ಹಾಗೆಯೇ ಬರೆಯಿರಿ. ಇದರಿಂದ ನಿಮ್ಮ ತಾಳ್ಮೆ ತಿಳಿಯುತ್ತದೆ, ಗಿರಿಜಾಳನ್ನೂ ಹೀಗೆಯೇ ನೋಡಿಕೊಳ್ಳುತ್ತೀರಿ ಎಂದು ಅದರ ಬಾಲಕ್ಕೆ ತೀರ್ಮಾನ ಕಟ್ಟಲು ಹೋಗಬೇಡಿ. ಆ ‘ನೋಡಿಕೊಳ್ಳಿ’ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಅಜ್ಜಿಯ ಕಿವಿ ಮಂದ ಎಂಬುದನ್ನೂ ಬರೆಯಬೇಕಾಗಿಲ್ಲ. ಈ ಪತ್ರವನ್ನು ಯಾರೋ ಅಜ್ಜಿಗೂ ಓದಿ ಹೇಳುತ್ತಾರೆ, ಜೋರಾಗಿಯೇ ಓದಿ ಹೇಳುತ್ತಾರೆ.

ಆ ಪ್ರಸಂಗದಲ್ಲಿ ಅಜ್ಜಿ ಇರುವುದು ನಿಮಗೆ ಇನ್ನೊಂದು ರೀತಿಯಲ್ಲಿ ನೆರವಾಗುತ್ತದೆ. ಮೊಮ್ಮಗಳನ್ನು ನಿಮಗೇ ಕೊಡಬೇಕೆಂದು ಹೇಳುತ್ತಿದ್ದವರು ಅವರೇ. ಅದೇ ಅಜ್ಜಿ ಹೊಸ ಹುಡುಗನ ಪಕ್ಕ ಕುಳಿತು ಊರು ಕೇರಿ ವಿಚಾರಿಸುತ್ತಿದ್ದರು ಎಂಬ ಚಿತ್ರವನ್ನು ನೀವೇ, ನಿಮ್ಮ ಕೈಯಾರೆ, ಖುಷಿಯಿಂದ ಬರೆದಿರಿ ಎಂದಾದರೆ, ಹಳೆಯ ಮಾತಿನ ಬಗ್ಗೆ ಒಂದಕ್ಷರ ಹೇಳದೆಯೂ ಅದು ಮುಗಿಯಿತೆಂದು ಮನೆಯವರೆಲ್ಲರಿಗೂ ತಿಳಿಯುತ್ತದೆ.

ಗಿರಿಜಾಳ ಪಾಲಿಗೆ ಬಾಲ್ಯದ ನೆನಪೊಂದು ಬೇಕು, ಆದರೆ ಅದು ‘ನಾವಿಬ್ಬರು’ ಎಂಬ ನೆನಪಾಗಿರಬಾರದು, ‘ನಾವೆಲ್ಲ’ ಎಂಬ ನೆನಪಾಗಿರಬೇಕು. ರಜೆಗೆ ಅಜ್ಜಿ ಮನೆಯಲ್ಲಿ ಸೇರುತ್ತಿದ್ದ ಏಳೆಂಟು ಮಕ್ಕಳ ನಡುವೆ ಆಕೆ ಹೇಗಿದ್ದಳು ಎಂಬುದನ್ನು ಹುಡುಕಿ. ಹಾಗೆ ಬರೆದದ್ದನ್ನು ಆಕೆ ಬಸವರಾಜರಿಗೆ ತೋರಿಸುವಾಗ ಯಾವ ವಿವರಣೆಯನ್ನೂ ಸೇರಿಸಬೇಕಾಗುವುದಿಲ್ಲ, ಅವರಿಗೂ ತಾವು ಕಾಣದ ಗಿರಿಜಾಳ ಒಂದು ತುಣುಕು ಸಿಗುತ್ತದೆ. ಕೆಳಗಿನ ಮಾದರಿಯಲ್ಲಿ ಮಾವಿನ ಹಣ್ಣಿನ ಮಾತು ನನ್ನ ಕಲ್ಪನೆ. ಅದನ್ನು ತೆಗೆದು ನಿಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದನ್ನು ಹಾಕಿ. ಕಟ್ಟಿದ ನೆನಪನ್ನು ಆಕೆ ಒಂದು ಕ್ಷಣದಲ್ಲಿ ಗುರುತಿಸುತ್ತಾಳೆ.

‘ಪ್ರೀತಿಯ ಗಿರಿಜಾ ಮತ್ತು ಬಸವರಾಜ ಅಣ್ಣನವರಿಗೆ,

ನೀವಿಬ್ಬರೂ ಒಬ್ಬರನ್ನೊಬ್ಬರು ಒಪ್ಪಿ, ಹಿರಿಯರ ಮುಂದೆ ನಿಶ್ಚಯ ಮಾಡಿಕೊಂಡದ್ದು ನನಗೆ ತುಂಬ ಸಂತೋಷ ಕೊಟ್ಟಿದೆ. ಇಬ್ಬರಿಗೂ ನನ್ನ ಅಭಿನಂದನೆಗಳು.

ಗಿರಿಜಾ, ಬೇಸಿಗೆ ರಜೆಗೆ ಕಾರಟಗಿಗೆ ಬಂದಾಗಲೆಲ್ಲ ಮಾವಿನ ಹಣ್ಣು ಹಂಚುವ ಕೆಲಸವನ್ನು ನಾವೆಲ್ಲ ನಿನಗೇ ಬಿಡುತ್ತಿದ್ದೆವು. ನೀನು ಹಂಚಿದ ಮೇಲೆ ಯಾರೂ ಜಗಳ ತೆಗೆಯುತ್ತಿರಲಿಲ್ಲ. ನಿನ್ನ ನಿರ್ಧಾರದ ಮೇಲೆ ನಮಗೆಲ್ಲ ಅಂದಿನಿಂದಲೂ ನಂಬಿಕೆ, ಈ ನಿರ್ಧಾರದ ಮೇಲೂ ಅಷ್ಟೇ.

ಅಣ್ಣನವರೇ, ನಿಮ್ಮನ್ನು ನಾನು ನೋಡಿದ್ದು ಪಂಕ್ತಿಯಲ್ಲಿ ಕುಳಿತಷ್ಟು ಹೊತ್ತು ಮಾತ್ರ. ಅಜ್ಜಿ ನಿಮ್ಮ ಊರು ಯಾವುದೆಂದು ಕೇಳಿದಾಗ ನೀವು ಮೂರು ಸಲ ಹೇಳಿದಿರಿ, ಮೂರನೆಯ ಸಲವೂ ನಗುತ್ತಲೇ ಹೇಳಿದಿರಿ. ನಿಮ್ಮ ಬಗ್ಗೆ ಸದ್ಯಕ್ಕೆ ನನಗೆ ಗೊತ್ತಿರುವುದು ಇಷ್ಟೇ. ಇಷ್ಟು ನನಗೆ ಬಹಳ ಹಿಡಿಸಿತು. ಸಿರುಗುಪ್ಪಕ್ಕೂ ನಮಗೂ ನಡುವೆ ಇರುವುದು ಒಂದು ಹೊಳೆ. ಸಿಂಧನೂರಿನ ಕಡೆ ಬಂದರೆ ನಮ್ಮ ಮನೆಗೆ ಬಾರದೆ ಹೋಗಬೇಡಿ.

ನೀವಿಬ್ಬರೂ ಕೂಡಿ ಕಟ್ಟಿಕೊಳ್ಳಲಿರುವ ಬಾಳಿಗೆ ನನ್ನ ಮತ್ತು ನಮ್ಮ ಮನೆಯವರೆಲ್ಲರ ಹಾರೈಕೆ ಇದೆ. ಮದುವೆಯ ಕೆಲಸಕ್ಕೆ ನನ್ನನ್ನು ಕರೆಯಲು ಸಂಕೋಚ ಬೇಡ. ಪಂಕ್ತಿಯಲ್ಲಿ ಬಡಿಸಲು ನಾನಿದ್ದೇನೆ.’

ಕೆಳಗೆ ನಿಮ್ಮ ಹೆಸರಷ್ಟೇ ಇರಲಿ. ಗಿರಿಜಾ ಚಿಕ್ಕಂದಿನಿಂದ ನಿಮ್ಮನ್ನು ಭಾವ ಎಂದೋ ಮಾಮಾ ಎಂದೋ ಕರೆಯುತ್ತಿದ್ದರೂ ಸಹಿಯಲ್ಲಿ ಅದನ್ನು ಬರೆಯಬೇಡಿ. ಆಕೆ ಕರೆಯುವುದು ಬೇರೆ, ನೀವೇ ಬರೆದುಕೊಳ್ಳುವುದು ಬೇರೆ.

ಕೊನೆಯ ವಾಕ್ಯವನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ನಮ್ಮ ಕಡೆ ಮದುವೆಮನೆಯಲ್ಲಿ ಬಕೆಟ್ ಹಿಡಿದು ಬಡಿಸುವವರು ಮನೆಯ ಹುಡುಗರು. ಮುನಿಸಿದ್ದವರು ಬಂದು ಎಲೆಗೆ ಕುಳಿತು ಉಂಡು ಹೋಗುತ್ತಾರೆ, ಬಡಿಸುವುದಿಲ್ಲ. ಬಡಿಸಲು ನಾನಿದ್ದೇನೆ ಎಂದರೆ ಮಾವನಿಗೆ ನೀವು ಬೇರೇನನ್ನೂ ಹೇಳಬೇಕಾಗಿಲ್ಲ. ಹೇಳಿದ ಮೇಲೆ ಒಂದು ದಿನ ಮೊದಲೇ ಹೋಗಬೇಕಾಗುತ್ತದೆ, ಅದನ್ನೂ ಯೋಚಿಸಿ ಬರೆಯಿರಿ. ಹೊಳೆಯ ಮಾತೂ ಅಲಂಕಾರಕ್ಕೆ ಬಂದದ್ದಲ್ಲ. ಸಿಂಧನೂರು, ಕಾರಟಗಿ ತುಂಗಭದ್ರೆಯ ಒಂದು ದಂಡೆಯ ಕಡೆಗಿವೆ, ಸಿರುಗುಪ್ಪ ಇನ್ನೊಂದು ದಂಡೆಯ ಕಡೆಗೆ. ಎರಡೂ ಕಡೆ ಅದೇ ಭತ್ತದ ಗದ್ದೆ. ಜಿಲ್ಲೆ ಬೇರೆಯಾದರೂ ಆಕೆ ಹೋಗುತ್ತಿರುವುದು ದೂರಕ್ಕಲ್ಲ ಎಂಬುದನ್ನು ಅದು ಹೇಳುತ್ತದೆ, ಹುಡುಗನಿಗೆ ಬರಲು ದಾರಿಯನ್ನೂ ತೋರಿಸುತ್ತದೆ.

ಪತ್ರದಲ್ಲಿ ಇಲ್ಲದಿರುವುದನ್ನೂ ಗಮನಿಸಿ. ಮದುವೆ ಯಾವಾಗ ಎಂಬ ಪ್ರಶ್ನೆ ಇಲ್ಲ. ಮುಹೂರ್ತ, ಛತ್ರ, ಕೊಡುವುದು, ತರುವುದು ಯಾವುದೂ ಇಲ್ಲ. ಅವೆಲ್ಲ ಹಿರಿಯರ ನಡುವೆ ಇನ್ನೂ ಹಣ್ಣಾಗದ ಮಾತುಗಳಾಗಿರಬಹುದು, ನಿಮ್ಮ ಒಂದು ಸಾಲು ಅಲ್ಲಿ ಬೇಡದ ಚರ್ಚೆ ಹುಟ್ಟಿಸಬಹುದು.

ನಿಮ್ಮಂತೆಯೇ ಕೇಳಬೇಕೆಂದಿರುವ ಬೇರೆ ಓದುಗರಿಗಾಗಿ ಒಂದೆರಡು ಮಾತು. ನಿಶ್ಚಯವಾದವಳು ಚಿಕ್ಕಪ್ಪನ ಮಗಳೋ ಚಿಗವ್ವನ ಮಗಳೋ ಆಗಿದ್ದರೆ ಆಕೆ ತಂಗಿಯೇ, ಹಾಗೆ ಬರೆಯಲು ಹಿಂಜರಿಕೆ ಬೇಡ. ಮೇಲಿನ ಎಚ್ಚರಿಕೆಗಳಲ್ಲಿ ಅರ್ಧ ಅವರಿಗೆ ಅನ್ವಯಿಸುವುದೇ ಇಲ್ಲ. ದೊಡ್ಡಪ್ಪನ ಮಗನಿಗೆ ನಿಶ್ಚಯವಾಗಿದ್ದು ಆತ ನಿಮಗಿಂತ ದೊಡ್ಡವನಾಗಿದ್ದರೆ, ಬರುವವರು ಅತ್ತಿಗೆ. ಅಕ್ಕಿಕಾಳು ಬೀಳುವ ಮೊದಲೇ ಅತ್ತಿಗೆ ಎಂದು ಕರೆಯುವುದನ್ನು ನಮ್ಮ ಕಡೆ ಯಾರೂ ಆಕ್ಷೇಪಿಸುವುದಿಲ್ಲ, ಹುಡುಗಿಯರಿಗೆ ಅದು ಸೇರುತ್ತದೆ ಕೂಡ. ಆದರೆ ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರಾಗಿದ್ದರೂ ಅವರಿಗೆ ನೀವು ಎಂದೇ ಬರೆಯಿರಿ. ದಂಪತಿ ಎನ್ನುವುದು ಬೇಡವೆಂದು ಆಗಲೇ ಹೇಳಿ ಈಗ ಅತ್ತಿಗೆ ಆಗಬಹುದು ಎನ್ನುವುದು ವಿರೋಧಾಭಾಸವಲ್ಲವೇ ಎಂದು ಯಾರಾದರೂ ಕೇಳಬಹುದು. 'ದಂಪತಿ' ಎಂಬುದು ಮದುವೆ ಆಗಿದೆ ಎಂದು ಹೇಳುವ ಮಾತು. 'ಅತ್ತಿಗೆ' ಎಂಬುದು ಬಾ ಎಂದು ಕರೆಯುವ ಮಾತು.

ಕಳಿಸುವ ಬಗೆಗೆ ಬಂದರೆ, ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಹಾಕಬೇಡಿ. ಅಲ್ಲಿ ಐವತ್ತು ಹೂಗುಚ್ಛಗಳ ಚಿತ್ರಗಳ ನಡುವೆ ಇದು ಹೂತುಹೋಗುತ್ತದೆ, ಜೊತೆಗೆ ಅಲ್ಲಿ ಓದುವವರೆಲ್ಲ ನಿಮ್ಮ ಹಳೆಯ ಮಾತನ್ನು ನೆನಪಿಸಿಕೊಂಡೇ ಓದುತ್ತಾರೆ. ಗುಂಪಿನಲ್ಲಿ ‘ಇಬ್ಬರಿಗೂ ಅಭಿನಂದನೆಗಳು’ ಎಂಬ ಒಂದು ಸಾಲು ಸಾಕು. ಪೂರ್ತಿ ಪತ್ರ ಗಿರಿಜಾಳ ಫೋನಿಗೆ ಹೋಗಲಿ, ಅವರಿಗೂ ತೋರಿಸು ಎಂದು ಕೆಳಗೆ ಒಂದು ಮಾತು ಇರಲಿ. ಬಸವರಾಜರ ನಂಬರನ್ನು ಬೇರೆ ಯಾರಿಂದಲೋ ಪಡೆದು ನೇರವಾಗಿ ಕಳಿಸುವುದಕ್ಕಿಂತ ಆಕೆಯ ಕೈಯಿಂದ ಅವರಿಗೆ ತಲುಪುವುದೇ ಲೇಸು: ಇದು ನಮ್ಮ ಸೋದರತ್ತೆಯ ಮಗ ಬರೆದದ್ದು ಎಂದು ಆಕೆಯೇ ನಿಮ್ಮನ್ನು ಪರಿಚಯಿಸಿದಂತಾಗುತ್ತದೆ. ಕಾಗದದ ಮೇಲೆ ಬರೆಯುವ ಮನಸ್ಸಿದ್ದರೆ ಇನ್ನೂ ಒಳ್ಳೆಯದು. ಒಂದು ಮಗ್ಗುಲಿಗೆ ಹಿಡಿಸುವಷ್ಟೇ ಇದೆ. ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ನಿಮ್ಮ ತಾಯಿಯವರು ಕಾರಟಗಿಗೆ ಹೋಗುವಾಗ ಕೊಟ್ಟು ಕಳಿಸಿ. ನಿಶ್ಚಯವಾಗಿ ಒಂದು ವಾರವಾಗಿದೆ ಎಂದಿದ್ದೀರಿ. ಇನ್ನೊಂದು ವಾರದೊಳಗೆ ತಲುಪಿದರೆ ಹೊತ್ತು ಮೀರಿತು ಎನಿಸುವುದಿಲ್ಲ. ತಿಂಗಳು ಕಳೆದರೆ ಇಷ್ಟು ದಿನ ಏಕೆ ಸುಮ್ಮನಿದ್ದ ಎಂಬ ಪ್ರಶ್ನೆ ಪತ್ರಕ್ಕಿಂತ ಮೊದಲು ಬಂದು ಕೂರುತ್ತದೆ.

ಬಸವರಾಜರು ಉತ್ತರಿಸಿ ನಿಮ್ಮನ್ನು ‘ತಮ್ಮ’ ಎಂದರೆ, ಲೆಕ್ಕ ಅವರ ಮನೆಯಲ್ಲೂ ಸರಿಹೋಯಿತು ಎಂದು ತಿಳಿಯಿರಿ. ಬರಿಯ ‘ಧನ್ಯವಾದ’ ಎಂದು ಬಂದರೂ ಬೇಸರಪಡಬೇಡಿ; ಮದುವೆಯ ದಿನ ಅವರ ಎಲೆಯ ಮುಂದೆ ಬಕೆಟ್ ಹಿಡಿದು ನಿಂತು, ‘ಅಣ್ಣಾ, ಇನ್ನೊಂದು ಹೋಳಿಗೆ’ ಎನ್ನಲು ನಿಮಗೆ ಹೇಗೂ ಅವಕಾಶವಿದೆ.